ಗೇರುಬೀಜ ಪ್ಯಾಕಿಂಗ್: 37 ಸೆಕೆಂಡು 32ಕ್ಕೆ ಇಳಿದದ್ದು

ಕಾರ್ಕಳದ ಹತ್ತಿರ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ 250 ಗ್ರಾಂ ಪೌಚ್ ಪ್ಯಾಕಿಂಗಿಗೆ ಸ್ಟಾಂಡರ್ಡ್ ಟೈಮ್, ಅಂದರೆ ವಿರಾಮವೂ ಸೇರಿ ಒಂದು ಪೌಚಿಗೆ ಎಷ್ಟು ಹೊತ್ತು ಅನ್ನೋ ಲೆಕ್ಕ, ಹಾಕಿಕೊಟ್ಟೆ. "ಸ್ಟಾಪ್‌ವಾಚ್ ಹಿಡಿದ್ರೆ ಎಂತ ಆಗ್ತದೆ ಮಾರಾಯ್ರೆ, ಮೆಷಿನ್ ತೆಗೊಳ್ಳುವ" ಅಂತಿದ್ದರು ಧನಿಗಳು. ಮೆಷಿನ್ ಕೊಟೇಶನ್ ನಾಲ್ಕು ಲಕ್ಷದ ಆಸುಪಾಸು ಇತ್ತು. ನನ್ನ ಕೆಲಸಕ್ಕೆ ಹಲಗೆ, ಕೊಕ್ಕೆ ಸೇರಿ ಎರಡು ಸಾವಿರವೂ ಆಗಲಿಲ್ಲ.

ಮೊದಲು ಅಲ್ಲಿ ಒಬ್ಬೊಬ್ಬರೂ ಹತ್ತು ಪೌಚ್ ತುಂಬಿಸಿಕೊಂಡು ಮೂಲೆಯ ಸೀಲಿಂಗ್ ಮೆಷಿನ್ನಿಗೆ ನಡೆಯುತ್ತಿದ್ದರು. ದಿನಕ್ಕೆ ಒಬ್ಬರಿಗೆ 500 ಪೌಚ್ ಆದರೆ ಹೆಚ್ಚು. ಮೆಷಿನ್ನನ್ನು ಟೇಬಲಿಗೇ ತಂದದ್ದು ಮೊದಲ ಕೆಲಸ. ಆಗ ಸೂಪರ್‌ವೈಸರ್, ಒಬ್ಬರು ತುಂಬಿಸಲಿ, ಇನ್ನೊಬ್ಬರು ಸೀಲ್ ಮಾಡಲಿ ಅಂದರು. ನೋಡಲು ಚೆಂದ, 23 ಸೆಕೆಂಡಿಗೆ ಒಂದು ಪೌಚ್ ಹೊರಗೆ ಬರ್ತಿತ್ತು. ಆದರೆ ಸೀಲ್ ಮಾಡುವವರಿಗೆ ಒಂಬತ್ತು ಚಿಲ್ಲರೆ ಸೆಕೆಂಡಿನ ಕೆಲಸ ಮಾತ್ರ, ಉಳಿದ ಹೊತ್ತು ಸುಮ್ನೆ ಕಾಯೋದು. ಇಬ್ಬರ ಸಂಬಳ ಲೆಕ್ಕ ಹಾಕಿದರೆ ಒಂದು ಪೌಚಿಗೆ 46 ಸೆಕೆಂಡು! ಒಬ್ಬರೇ ಪೂರ್ತಿ ಮಾಡಿದರೆ ಇದಕ್ಕಿಂತ ಎಷ್ಟೋ ಕಡಿಮೆ.

ವಾಚನ್ನು ಅಡಗಿಸಿ ಇಟ್ಟುಕೊಳ್ಳಲಿಲ್ಲ. ಯಾಕೆ ನೋಡ್ತಿದ್ದೇನೆ ಅಂತ ಹೇಳಿಯೇ ಕೂತೆ. ಮೊದಲ ಬೆಳಿಗ್ಗೆಯ ರೀಡಿಂಗ್ ಎಲ್ಲ ಬಿಟ್ಟೆ, ಯಾರೂ ಮಾಮೂಲಿ ವೇಗದಲ್ಲಿ ಇರಲಿಲ್ಲ. ಆಮೇಲೆ ಚುರುಕಾದ ಒಬ್ಬ ಅಕ್ಕನ ಸರಾಸರಿ ಹೀಗೆ ಬಂತು: ಪೌಚ್ ಬಿಡಿಸೋದು 4 ಸೆಕೆಂಡು, ತುಂಬಿಸಿ ತೂಕ ಸರಿಮಾಡೋದು 15, ಸೀಲ್ 6, ಬಾಕ್ಸಿಗೆ ಇಡೋದು 3. ಮಾಮೂಲಿ ವೇಗ 100 ಅಂತ ಹಿಡಿದು ಅಕ್ಕನ ಕೈಕೆಲಸಕ್ಕೆ ರೇಟಿಂಗ್ 110 ಕೊಟ್ಟೆ. ಅಂದರೆ 4.4, 16.5 ಮತ್ತು 3.3. ಸೀಲಿನ 6 ಸೆಕೆಂಡು ಮಾತ್ರ 6 ಆಗಿಯೇ ಉಳಿಯಿತು. ಆ ತಂತಿ ಬಿಸಿಯಾಗೋದು ಟೈಮರ್ ಹೇಳಿದಷ್ಟು ಹೊತ್ತು, ಅಕ್ಕ ಚುರುಕಾದರೆ ಅದೇನು ಬೇಗ ಮುಗಿಯುತ್ತದಾ? ಪರೀಕ್ಷೆಯಲ್ಲೂ ಫ್ಯಾಕ್ಟರಿಯಲ್ಲೂ ಜಾಸ್ತಿ ಜನ ಎಡವೋದು ಇಲ್ಲೇ, ಒಟ್ಟು ಸಮಯಕ್ಕೆ ಒಂದೇ ರೇಟಿಂಗ್ ಗುಣಿಸಿಬಿಡುತ್ತಾರೆ.

ಬೀಜದ ಟಬ್ ತರೋದು 40 ಪೌಚಿಗೆ ಒಮ್ಮೆ, ಸಾಧಾರಣ ನಡಿಗೆಯಲ್ಲಿ 80 ಸೆಕೆಂಡು. ಪೌಚಿಗೆ 2 ಸೆಕೆಂಡು ಬಿತ್ತು. ಎಲ್ಲ ಸೇರಿ ನಾರ್ಮಲ್ ಟೈಮ್, ಅಂದರೆ ಮಾಮೂಲಿ ವೇಗದಲ್ಲಿ ವಿರಾಮ ಬಿಟ್ಟು ಬೇಕಾಗುವ ಹೊತ್ತು, 32.2. ಇದಕ್ಕೆ ವಿರಾಮದ ಪಾಲು ಸೇರಿಸಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್ಒದ ಪಟ್ಟಿಯಲ್ಲಿ ಹೆಂಗಸರಿಗೆ ಸ್ವಂತ ಅಗತ್ಯಕ್ಕೆ 7, ಆಯಾಸಕ್ಕೆ 4, ನಿಂತು ಕೆಲಸ ಮಾಡೋದಕ್ಕೆ 4, ಒಟ್ಟು 15 ಶೇಕಡಾ. 32.2 × 1.15 ಅಂದರೆ 37 ಸೆಕೆಂಡು. ಈ 15 ಶಿಫ್ಟಿನ ಸಮಯದ ಮೇಲೆ ಅಂತ ಇದ್ದರೆ 0.85ರಿಂದ ಭಾಗಿಸಬೇಕು, ಆಗ 37.9 ಬರುತ್ತದೆ. ಎಂಟು ಗಂಟೆಯಲ್ಲಿ 778 ಪೌಚಾ, 760 ಆ ಅನ್ನೋ ಜಗಳ ಇದರಿಂದಲೇ ಹುಟ್ಟೋದು. ಪಟ್ಟಿ ಹೇಳೋದು ನಾರ್ಮಲ್ ಟೈಮಿನ ಮೇಲೆ, ಹಾಗಾಗಿ ಗುಣಿಸಿದೆ.

ಇನ್ನು ಆ 6 ಸೆಕೆಂಡು. ಅಷ್ಟು ಹೊತ್ತೂ ಅಕ್ಕನ ಎರಡೂ ಕೈ ಪೌಚ್ ಹಿಡಿದುಕೊಂಡೇ ಇರ್ತಿದ್ದವು. ಮೆಷಿನ್ ಕೆಳಗೆ ಪೌಚ್ ಕೂರುವ ಎತ್ತರಕ್ಕೆ ಹಲಗೆ ಹೊಡೆಸಿದೆ. ದವಡೆ ಕಚ್ಚಿದ ಮೇಲೆ ಕಾಲು ಪೆಡಲ್ ಮೇಲೆ, ಕೈ ಖಾಲಿ. ಆ ಹೊತ್ತಿನಲ್ಲಿ ಮುಂದಿನ ಪೌಚ್ ಬಿಡಿಸಿ ಕೊಕ್ಕೆಗೆ ಸಿಕ್ಕಿಸೋದು. 4.4 ಸೆಕೆಂಡು ಸೀಲಿನ ಹೊಟ್ಟೆಯೊಳಗೆ ಹೋಯ್ತು. ನಾರ್ಮಲ್ 27.8, ಸ್ಟಾಂಡರ್ಡ್ 32. ಲೆಕ್ಕದಲ್ಲಿ 900 ಪೌಚ್, ಈಗ ಟೇಬಲಿನ ಸರಾಸರಿ 850ರ ಹತ್ತಿರ ಇದೆ. ಕೊಕ್ಕೆಯ ಓರೆ ಎಷ್ಟಿರಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದು ನನ್ನ ಹೊಟ್ಟೆಪಾಡು.

ಕೂಲಿಯ ಖರ್ಚು ಪೌಚಿಗೆ ಒಂದು ರೂಪಾಯಿಯಿಂದ ಅರವತ್ತು ಪೈಸೆಗೆ ಇಳಿಯಿತು, ಧನಿಗಳಿಗೆ ಖುಷಿ. ಆದರೆ ನಾನು ತೂಕದ ಮೆಷಿನ್ನೂ ನೋಡ್ತಿದ್ದೆ. ಕಡಿಮೆ ಬಂದೀತು ಅಂತ ಹೆದರಿ ಎಲ್ಲರೂ 252, 253ಕ್ಕೆ ನಿಲ್ಲಿಸುತ್ತಿದ್ದರು. ಕಿಲೋಗೆ 800 ರೂಪಾಯಿ ಹಿಡಿದರೂ 2 ಗ್ರಾಂ ಅಂದರೆ ಒಂದು ರೂಪಾಯಿ ಅರವತ್ತು ಪೈಸೆ. ಕೂಲಿಯಲ್ಲಿ ಉಳಿಸಿದ್ದರ ನಾಲ್ಕು ಪಟ್ಟು ಕೈ ತಪ್ಪಿ ಹೋಗ್ತಿತ್ತು! ಅಳತೆಯ ಕಪ್ ಮಾಡಿಸಿ ನೋಡಿದೆ, ಬೀಜ ಒಮ್ಮೆ ಸಡಿಲ ಕೂರುತ್ತದೆ, ಒಮ್ಮೆ ಒತ್ತಾಗಿ, ಹತ್ತು ಗ್ರಾಂ ಆಚೀಚೆ. ಕೊನೆಗೆ ಕಪ್ಪನ್ನು ಬೇಕೆಂದೇ ಚಿಕ್ಕದು ಮಾಡಿ, ಉಳಿದದ್ದನ್ನು ಬೀಜ ಬೀಜವಾಗಿ ಹಾಕುವ ಪದ್ಧತಿ ತಂದೆ. ಹೆಚ್ಚಾದದ್ದನ್ನು ತೆಗೆಯೋದಕ್ಕಿಂತ ಕಡಿಮೆ ಇದ್ದದ್ದಕ್ಕೆ ಸೇರಿಸೋದು ಬೇಗ. ಮೇಲೆ ಹೇಳಿದ 15 ಸೆಕೆಂಡು ಈ ಪದ್ಧತಿ ಕೈಗೆ ಕೂತ ಮೇಲಿನದು.

ಇದೆಲ್ಲ W320ಕ್ಕೆ, ಅಂದರೆ ಒಂದು ಪೌಂಡಿಗೆ 320ರ ಆಸುಪಾಸು ಬೀಜ ಬರುವ ಗ್ರೇಡಿಗೆ, ಒಂದು ಬೀಜ ಒಂದೂವರೆ ಗ್ರಾಂ ಹತ್ತಿರ. W180ರಲ್ಲಿ ಒಂದೇ ಬೀಜ ಎರಡೂವರೆ ಗ್ರಾಂ ತೂಗುತ್ತದೆ, ಸರಿಮಾಡುವ ಆಟವೇ ಬೇರೆ. ಅದಕ್ಕೂ ಇದೇ 32 ಬರೆದುಬಿಡಿ ಅಂತ ಸೂಪರ್‌ವೈಸರ್ ದುಂಬಾಲು ಬಿದ್ದಿದ್ದಾರೆ. ಬರೆಯಲ್ಲ. ಮುಂದಿನ ಲಾಟ್ ಬಂದಾಗ ಮತ್ತೆ ವಾಚ್ ಹಿಡಿದು ಕೂರ್ತೇನೆ, ಫೀಸು ಬೇರೆ.