ಮೂವತ್ಮೂರು ಪಾದದ ಮಾರ್ಕ್: 4×100 ರಿಲೇಯಲ್ಲಿ ಬ್ಯಾಟನ್ ಕೈ ಬದಲಾಗುವ ವೇಗ

ನಮ್ಮ ಹುಡುಗರ ಚೆಕ್ ಮಾರ್ಕ್, ಅಂದರೆ ಬ್ಯಾಟನ್ ತರುವವನ ಕಾಲು ದಾಟಿದೊಡನೆ ತೆಗೆದುಕೊಳ್ಳುವವನು ಹೊರಡಬೇಕಾದ ಗುರುತು, ಬ್ಯಾಟನ್ ಕೈ ಬದಲಾಗಬೇಕಾದ ಝೋನಿನ ಗೆರೆಯಿಂದ ಮೂವತ್ಮೂರು ಪಾದ ಹಿಂದಿದೆ ಎಂದರೆ ಮೈದಾನದಲ್ಲಿ ನಿಂತವರು ಯಾರೂ ಒಪ್ಪುತ್ತಿರಲಿಲ್ಲ. "ಅಷ್ಟು ದೂರ ಇಟ್ಟರೆ ಬರುವವನು ಹಿಡಿಯುವುದೇ ಇಲ್ಲ, ಝೋನ್ ದಾಟಿ ಔಟ್ ಆಗ್ತೀರಿ ಸಾರ್" ಎಂದು ಬೇರೆ ಶಾಲೆಯ ಪಿ.ಟಿ. ಮೇಷ್ಟ್ರುಗಳೂ ಹೇಳಿದರು, ನಮ್ಮ ಹಳೆಯ ಓಟಗಾರರೂ ಹೇಳಿದರು. ತಾಲ್ಲೂಕು ಮಟ್ಟದಲ್ಲಿ ಎಲ್ಲರೂ ಇಡುವುದು ಇಪ್ಪತ್ತೆರಡರಿಂದ ಇಪ್ಪತ್ತೈದು ಪಾದ. ಈಗ ಮಾರ್ಕ್ ಅಲ್ಲೇ ಇದೆ, ಬ್ಯಾಟನ್ ಝೋನಿನ ಒಳಗೇ ಕೈ ಬದಲಾಗುತ್ತಿದೆ. ಟೈಮ್ 47 ಸೆಕೆಂಡಿನ ಮೇಲಿನಿಂದ 46ರ ಕೆಳಗೆ ಬಂದಿದೆ. ನಾಲ್ವರಲ್ಲಿ ಯಾರ 100 ಮೀಟರ್ ಟೈಮೂ ಹೇಳಿಕೊಳ್ಳುವಷ್ಟು ಸುಧಾರಿಸಿಲ್ಲ. ನಾಲ್ವರದ್ದೂ ಕೂಡಿಸಿದರೆ ಆಗಲೂ ಈಗಲೂ 48 ಸೆಕೆಂಡಿನ ಆಸುಪಾಸು. ಉಳಿತಾಯವಾದ ಸಮಯವೆಲ್ಲ ಮೂರು ಝೋನುಗಳಲ್ಲೇ ಉಳಿದದ್ದು.

ಮೊದಲು ಝೋನಿನ ವಿಷಯ. 2017ರ ಕೊನೆಯವರೆಗೆ 10 ಮೀಟರ್ ವೇಗ ಹಿಡಿಯುವ ಜಾಗ, ಆಮೇಲೆ 20 ಮೀಟರ್ ಝೋನ್ ಎಂದು ಬೇರೆ ಬೇರೆ ಇತ್ತು. ಈಗ ಎರಡೂ ಸೇರಿ 30 ಮೀಟರ್ ಒಂದೇ ಝೋನ್. ಹೊರಡುವವನು ನಿಲ್ಲುವ ಜಾಗ ಬದಲಾಗಲೇ ಇಲ್ಲ, ಬದಲಾದದ್ದು ಮೊದಲ 10 ಮೀಟರಿನಲ್ಲೂ ಬ್ಯಾಟನ್ ಕೊಡಬಹುದು ಎಂಬುದು ಮಾತ್ರ. ನಮ್ಮ ಕಡೆ ಕೆಟ್ಟದ್ದು ಅಲ್ಲಿಂದಲೇ. "ಬೇಗ ಕೊಟ್ಟರೆ ಸೇಫ್" ಅಂತ ಹುಡುಗರು ಎಂಟನೇ, ಹತ್ತನೇ ಮೀಟರಿಗೇ ಕೊಡತೊಡಗಿದರು. ಅಲ್ಲಿ ಹೊರಡುವವನ ವೇಗ ಸೆಕೆಂಡಿಗೆ ಏಳು, ಏಳೂವರೆ ಮೀಟರ್, ಬರುವವನದ್ದು ಎಂಟೂವರೆಯ ಮೇಲೆ. ಬರುವವನು ಬ್ರೇಕ್ ಹಾಕದೆ ಬೇರೆ ದಾರಿಯೇ ಇಲ್ಲ. ಬ್ರೇಕ್ ಹಾಕುವುದು ಅವನಾದರೂ ನಿಧಾನವಾಗುವುದು ಬ್ಯಾಟನ್, ಏಕೆಂದರೆ ಆಗ ಅದು ಅವನ ಕೈಯಲ್ಲೇ ಇರುತ್ತದೆ.

ಹಾಗಾಗಿ ನಾನು ಈಗ ಅಳೆಯುವುದು ಒಂದನ್ನೇ: ಝೋನಿನ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಬ್ಯಾಟನ್ ತೆಗೆದುಕೊಳ್ಳುವ ಸಮಯ. ಬೇಗ ಕೊಡುತ್ತಿದ್ದಾಗ ಅದು 3.85 ಸೆಕೆಂಡಿನ ಹತ್ತಿರ ಇತ್ತು, ಈಗ ಮೂರೂವರೆಯ ಕೆಳಗೆ. ಮೂರು ಝೋನ್ ಸೇರಿ ಒಂದು ಸೆಕೆಂಡಿನ ಮೇಲೆ ಲೆಕ್ಕ ಆಯಿತಲ್ಲ.

ಕೈ ಬದಲಾಗಬೇಕಾದದ್ದು 24, 25ನೇ ಮೀಟರಿನ ಸುತ್ತ. ನಮ್ಮ ಮಟ್ಟದ ಹುಡುಗ, ಅಂದರೆ 12 ಸೆಕೆಂಡಿನವನು, ನಿಂತಲ್ಲಿಂದ ಹೊರಟು ಇಪ್ಪತ್ತು ಮೀಟರ್ ದಾಟುವ ಹೊತ್ತಿಗೆ ಬರುವವನ ವೇಗಕ್ಕೆ ಸಮ ಆಗಿರುತ್ತಾನೆ. ಅದಕ್ಕಿಂತ ಮೊದಲು ಕೊಟ್ಟರೆ ಬರುವವನು ತಡೆದುಕೊಳ್ಳಬೇಕು, 28ಕ್ಕೆ ಬಿಟ್ಟರೆ ಹೊರಡುವವನು ಕೈಗೆ ಸಿಗದೆ ಓಡಿಹೋಗುತ್ತಾನೆ.

ಮಾರ್ಕ್ ಎಲ್ಲಿಡಬೇಕು ಎನ್ನುವುದಕ್ಕೆ ಎರಡೇ ಅಳತೆ ಸಾಕು. ಒಂದು, ಬರುವವನು ತನ್ನ ಪಾಲಿನ ದೂರ ಪೂರ್ತಿ ಓಡಿ ಸುಸ್ತಾಗಿ ಬಂದಾಗ ಝೋನಿನ ಮೊದಲ 20 ಮೀಟರನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತಾನೆ ಎಂಬುದು. ಇನ್ನೊಂದು, ಬರುವವನ ಕಾಲು ಮಾರ್ಕ್ ದಾಟಿದ ಗಳಿಗೆಯಿಂದ ಹೊರಡುವವನ ಎದೆ 25 ಮೀಟರ್ ಮುಟ್ಟುವವರೆಗಿನ ಹೊತ್ತು. ಹೀಗೆ ಅಳೆದರೆ ಅವನು ನೋಡಿ ಹೊರಡುವ ತಡವೂ ಅದರಲ್ಲೇ ಸೇರಿಬಿಡುತ್ತದೆ. ಈ ಎರಡನೇ ಅಳತೆಗೆ ಮಾರ್ಕ್ ಎಲ್ಲಿದ್ದರೂ ನಡೆಯುತ್ತದೆ, ಬ್ಯಾಟನ್ ಬೇಡ. ಬರುವವನನ್ನು ಪಕ್ಕದ ಲೇನಿನಲ್ಲಿ ಓಡಿಸಿ.

ನಮ್ಮ ಮೊದಲ ಮತ್ತು ಎರಡನೇ ಓಟಗಾರರ ಲೆಕ್ಕ ಇದು. ಬರುವವನು 20 ಮೀಟರಿಗೆ 2.33 ಸೆಕೆಂಡ್ ತೆಗೆದುಕೊಂಡ, ಅಂದರೆ ಸೆಕೆಂಡಿಗೆ 8.6 ಮೀಟರ್. ಹೊರಡುವವನು 25 ಮೀಟರಿಗೆ 3.85 ಸೆಕೆಂಡ್. ಆ ಹೊತ್ತಿನಲ್ಲಿ ಬರುವವನು 8.6 × 3.85, ಸುಮಾರು 33.1 ಮೀಟರ್ ಓಡಿರುತ್ತಾನೆ. ಇಬ್ಬರೂ ಕೈ ಚಾಚಿದಾಗ ನಡುವೆ ಒಂದು ಮೀಟರ್ ಅಂತರ ಉಳಿಯುವುದರಿಂದ ಅವನು 24ನೇ ಮೀಟರಿಗೆ ಬಂದರೆ ಸಾಕು. 33.1ರಲ್ಲಿ 24 ಕಳೆದರೆ 9.1 ಮೀಟರ್, ಝೋನಿನ ಗೆರೆಯಿಂದ ಹಿಂದಕ್ಕೆ. ಹೊರಡುವವನ ಶೂ 28 ಸೆಂ.ಮೀ., ಹಾಗಾಗಿ ಮೂವತ್ಮೂರು ಪಾದಕ್ಕೆ ಒಂಚೂರು ಕಡಿಮೆ. ಇಪ್ಪತ್ತೈದು ಪಾದ ಇಟ್ಟರೆ 7 ಮೀಟರ್. ಆಗ ಬರುವವನು 10 ಮೀಟರಿನ ಒಳಗೇ ಬೆನ್ನಿಗೆ ಬಂದು ಬೀಳುತ್ತಾನೆ, ಬೀಳುತ್ತಲೂ ಇದ್ದ.

ಈ ಲೆಕ್ಕ ಮೊದಲು ಕೈಕೊಟ್ಟದ್ದು ಸ್ಟಾಪ್‌ವಾಚಿನಿಂದ. ಸುಮಾರು ಎರಡು ಸಾವಿರ ರೂಪಾಯಿಯ ವಾಚು, ಆದರೂ ಹೆಬ್ಬೆರಳು ಒತ್ತುವುದರಲ್ಲಿ 0.1 ಸೆಕೆಂಡ್ ಆಚೀಚೆ ಆಗೇ ಆಗುತ್ತದೆ. 25 ಮೀಟರಿನ ಅಳತೆಯಲ್ಲಿ ಅಷ್ಟು ತಪ್ಪಿದರೆ ಮಾರ್ಕ್ ಮೂರು ಪಾದ ತಪ್ಪುತ್ತದೆ, 20 ಮೀಟರಿನ ಅಳತೆಯಲ್ಲಿ ತಪ್ಪಿದರೆ ಐದಾರು ಪಾದ. ಹಾಗಾಗಿ ಒಂದು ದಿನ ಮೂವತ್ತು, ಮರುದಿನ ಮೂವತ್ತೇಳು ಎಂದು ಬರುತ್ತಿತ್ತು. ಈಗ ಮೊಬೈಲ್ ವಿಡಿಯೊ ಮಾತ್ರ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಸಾಕು, ಒಂದು ಫ್ರೇಮ್ ತಪ್ಪಿದರೂ ಮಾರ್ಕ್ ಒಂದು ಪಾದದೊಳಗೇ ಸರಿಯುತ್ತದೆ ಅಷ್ಟೆ.

ವಿಡಿಯೊದಲ್ಲಿ ಒಂದು ಮೋಸ ಇದೆ. ಫೋನ್ ಝೋನಿನ ನಡುವಿಗೆ ಎದುರಾಗಿ ನಿಂತಿರುವುದರಿಂದ ಎರಡು ತುದಿಗಳನ್ನೂ ಓರೆಯಾಗಿ ನೋಡುತ್ತದೆ. ಲೇನಿನ ಪಕ್ಕದಲ್ಲಿ ಕಂಬ ನೆಟ್ಟರೆ ಹುಡುಗ ಕಂಬಕ್ಕೆ ಬಂದಂತೆ ಕಾಣುವುದಕ್ಕೂ ನಿಜವಾಗಿ ಗೆರೆಗೆ ಬರುವುದಕ್ಕೂ ವ್ಯತ್ಯಾಸ. ಫೋನಿನಿಂದ ಲೇನಿನ ನಡುವಿನ ಗುರುತಿಗೆ ಹಗ್ಗ ಎಳೆದು, ಆ ಹಗ್ಗದ ಸಾಲಿನಲ್ಲೇ ಕಂಬ ನೆಡಬೇಕು. ನಮ್ಮಲ್ಲಿ ಅಡಿಕೆ ದಬ್ಬೆಗೆ ಕೆಂಪು ಬಟ್ಟೆ ಸುತ್ತಿ ನೆಡುತ್ತೇವೆ, ಖರ್ಚಿಲ್ಲ. ಎದೆ ದಬ್ಬೆಗೆ ಬಂದ ಫ್ರೇಮ್ ಎಣಿಸಿದರಾಯಿತು.

ಖರ್ಚಿನ ಮಾತು ಬಂದದ್ದಕ್ಕೆ ಬ್ಯಾಟನ್ ಬಗ್ಗೆಯೂ ಹೇಳುತ್ತೇನೆ. ಅಂಗಡಿಯ ಅಲ್ಯೂಮಿನಿಯಂ ಬ್ಯಾಟನ್ ಬಿದ್ದು ಬಿದ್ದು ಅಂಚು ನೆಗ್ಗಿ ಕೈ ಕೊಯ್ಯುತ್ತದೆ. ತೋಟಕ್ಕೆ ನೀರು ಬಿಡುವ 40 ಮಿ.ಮೀ. ಪಿವಿಸಿ ಪೈಪನ್ನು 29 ಸೆಂ.ಮೀ. ಕತ್ತರಿಸಿದರೆ ಉದ್ದ, ದಪ್ಪ ಎರಡೂ ಹೆಚ್ಚುಕಡಿಮೆ ನಿಯಮದ ಬ್ಯಾಟನ್ನೇ. ತೂಕ ಒಂಚೂರು ಜಾಸ್ತಿ, ಅಭ್ಯಾಸಕ್ಕೆ ತೊಂದರೆಯಿಲ್ಲ. ಒಂದು ಪೈಪಿಗೆ ಇಪ್ಪತ್ತು ಬ್ಯಾಟನ್ ಸಿಗುತ್ತವೆ.

ಇನ್ನು ಮಳೆ. ನಮ್ಮ ಶಾಲಾ ಕ್ರೀಡಾಕೂಟಗಳೆಲ್ಲ ಆಗಸ್ಟ್, ಸೆಪ್ಟೆಂಬರಿನಲ್ಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಮೈದಾನ ಆಗ ಕೆಂಪು ಕೆಸರು. "ಮಳೆ ಬಂತು, ಬರುವವನು ನಿಧಾನ ಆಗ್ತಾನೆ, ಮಾರ್ಕ್ ಹತ್ತಿರ ತನ್ನಿ" ಎನ್ನುವುದು ರೂಢಿ. ಅಳೆದು ನೋಡಿದೆ. ಬರುವವನು 8.6ರಿಂದ 8.3ಕ್ಕೆ ಇಳಿದ, ನಿಜ. ಆದರೆ ಹೊರಡುವವನೂ ಮೊದಲ ಹೆಜ್ಜೆಗಳಲ್ಲಿ ಜಾರಿ 25 ಮೀಟರಿಗೆ 4 ಸೆಕೆಂಡ್ ತೆಗೆದುಕೊಂಡ. 8.3 × 4 ಎಂದರೆ 33.2. ಇಪ್ಪತ್ನಾಲ್ಕು ಕಳೆದರೆ 9.2. ಮಾರ್ಕ್ ಇದ್ದಲ್ಲೇ ಇದೆ! ಶಿವಮೊಗ್ಗದಲ್ಲಿ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ನೋಡಿದಾಗಲೂ ಒಂದು ಪಾದಕ್ಕಿಂತ ಹೆಚ್ಚು ಸರಿಯಲಿಲ್ಲ, ಅಲ್ಲಿ ಇಬ್ಬರೂ ವೇಗ. ನೆಲ ಇಬ್ಬರಿಗೂ ಒಂದೇ, ಅದಕ್ಕೇ ಮಾರ್ಕ್ ಅಷ್ಟಾಗಿ ಅಲುಗುವುದಿಲ್ಲ. ಅಲುಗುವುದು ಇಬ್ಬರಲ್ಲಿ ಒಬ್ಬ ಮಾತ್ರ ಬದಲಾದಾಗ. ಬರುವವನು ಬೆಳಿಗ್ಗೆ 200 ಮೀಟರ್ ಹೀಟ್ಸ್, ಮಧ್ಯಾಹ್ನ ಲಾಂಗ್ ಜಂಪ್ ಮುಗಿಸಿ ಸಂಜೆ ರಿಲೇಗೆ ಬಂದರೆ 8.4 ಆಗಿರುತ್ತಾನೆ, ಹೊರಡುವವನು ಹೊಸಬನಂತೆ ಇರುತ್ತಾನೆ. ಆಗ ಮೂರು ಪಾದ ಹತ್ತಿರ ತರಲೇಬೇಕು.

ಮಳೆಯಲ್ಲಿ ಬದಲಿಸಬೇಕಾದದ್ದು ಕೈ ಚಾಚು ಎಂದು ಬರುವವನು ಕೂಗುವ ಜಾಗ. ನಮ್ಮದು ಬ್ಯಾಟನ್ ಮುಂದಕ್ಕೆ ತಳ್ಳಿ ಕೊಡುವ ಪದ್ಧತಿ: ಹೊರಡುವವನ ಕೈ ಹಿಂದಕ್ಕೆ ಭುಜದ ಮಟ್ಟಕ್ಕೆ ಹತ್ತಿರ, ಅಂಗೈ ಬರುವವನ ಕಡೆಗೆ, ಹೆಬ್ಬೆರಳು ಕೆಳಕ್ಕೆ. ಕೂಗಿದ ಮೇಲೆ ಕೈ ಚಾಚಿ ಹಿಡಿಯುವುದಕ್ಕೆ 0.4 ಸೆಕೆಂಡ್ ಬೇಕು, ಅಷ್ಟರಲ್ಲಿ ಮೂರೂವರೆ ಮೀಟರ್ ಓಟ ಆಗಿಹೋಗುತ್ತದೆ. ಹಾಗಾಗಿ 24, 25ಕ್ಕೆ ಸಿಗಬೇಕಾದರೆ 21ಕ್ಕೆ ಕೂಗಬೇಕು. ಒದ್ದೆ ಬ್ಯಾಟನ್ ಎರಡನೇ ಸಲ ಒತ್ತಬೇಕಾಗುವುದು ಜಾಸ್ತಿ, ಅದಕ್ಕೆ ಮಳೆಯಲ್ಲಿ 19ಕ್ಕೇ ಕೂಗು. ಕೈಗವಸು, ಕೈಗೆ ಹಚ್ಚುವ ಅಂಟು, ಪುಡಿ ಯಾವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ಅಭ್ಯಾಸದಲ್ಲೇ ಪೈಪನ್ನು ಬಕೆಟ್ ನೀರಿಗೆ ಅದ್ದಿ ಅದ್ದಿ ಕೊಡಿಸುತ್ತೇನೆ. ಕೂಗುವ ಮೊದಲೇ ಕೈ ಹಿಂದೆ ಚಾಚಿ ಓಡುವ ಹುಡುಗನನ್ನು ಮಾತ್ರ ಬಿಡಬೇಡಿ, ವೇಗ ಅಲ್ಲೇ ಸಾಯುತ್ತದೆ.

ಒಂದು ಕೈ ನೆಲಕ್ಕೂರಿ ಹೊರಡಿಸಿಯೂ ನೋಡಿದೆ. ಮೊದಲ ಐದು ಮೀಟರಿನಲ್ಲಿ ಒಳ್ಳೆಯ ಫಲ ಕಂಡಿತು. ಆದರೆ ಕುತ್ತಿಗೆ ತಿರುಗಿಸಿ ಮಾರ್ಕ್ ನೋಡುವುದು ಕಷ್ಟವಾಗಿ ಹೊರಡುವ ಗಳಿಗೆ ಸಲಸಲಕ್ಕೂ ಬದಲಾಯಿತು. ಅರ್ಧ ಬಗ್ಗಿ ನಿಲ್ಲುವುದೇ ನಮ್ಮವರಿಗೆ ಸರಿಹೋಯಿತು.

ಬ್ಯಾಟನ್ ಸಿಗದೆ ಹೋದಾಗ ಮೇಷ್ಟ್ರುಗಳು ಮೊದಲು ಮಾಡುವ ಕೆಲಸ ಮಾರ್ಕ್ ಸರಿಸುವುದು. ಅದಕ್ಕೂ ಮೊದಲು ವಿಡಿಯೊ ನಿಲ್ಲಿಸಿ, ಬರುವವನ ಕಾಲು ಮಾರ್ಕಿನ ಮೇಲೆ ಬಿದ್ದ ಫ್ರೇಮ್ ನೋಡಿ. ಆ ಫ್ರೇಮಿನಲ್ಲಿ ಹೊರಡುವವನು ಆಗಲೇ ಒಂದು ಹೆಜ್ಜೆ ಮುಂದಿದ್ದರೆ ತಪ್ಪು ಮಾರ್ಕಿನದ್ದಲ್ಲ, ಅವನು ಹೆದರಿ ಮೊದಲೇ ಹೊರಟಿದ್ದಾನೆ. ದೂರದ ಮಾರ್ಕಿಗೆ ಇದು ಉಲ್ಟಾ: ಇಷ್ಟು ದೂರದಿಂದಲೇ ಹೊರಡಬೇಕಾ ಎಂದು ಅನುಮಾನಿಸಿ ತಡ ಮಾಡುತ್ತಾರೆ. ಎರಡು ವಾರ ಬೇಕಾಯಿತು ನಮ್ಮವರಿಗೆ ಆ ಅನುಮಾನ ಹೋಗುವುದಕ್ಕೆ. ಅದನ್ನು ಹೋಗಿಸಿದ ಆಟವೊಂದಿದೆ, ಮೂರನೇ ಝೋನಿನಲ್ಲಿ ನಾವು ನಿಲ್ಲುವ ಜಾಗದ ಗುಟ್ಟೂ ಒಂದಿದೆ. ಈ ವರ್ಷದ ವಿಭಾಗ ಮಟ್ಟ ಮುಗಿಯುವವರೆಗೆ ಅವೆರಡು ನಮ್ಮಲ್ಲೇ ಇರಲಿ.

ಮಾರ್ಕ್ ಗುರುತು ಹಾಕುವಾಗ ಸಿಂಥೆಟಿಕ್ ಮೇಲೆ ಒಂದೇ ಟೇಪು, 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ ಮೀರುವಂತಿಲ್ಲ. ಮಣ್ಣಿನಲ್ಲಿ ಗೀರಬಹುದು. ಸುಣ್ಣದ ಪುಡಿ ಒಂದು ಮಳೆಗೆ ತೊಳೆದುಹೋಗುತ್ತದೆ, ಶೂ ಹಿಮ್ಮಡಿಯಿಂದ ಆಳವಾಗಿ ಗೀರಿಸಿ. ಹೀಟ್ಸ್ ಮುಗಿದ ಮೇಲೆ ಫೈನಲಿಗೆ ಬೇರೆ ಲೇನ್ ಸಿಕ್ಕರೆ ಪಾದ ಎಣಿಸುವುದು ಹೊರಡುವವನೇ ಆಗಬೇಕು, ಅದೇ ಶೂ ಹಾಕಿಕೊಂಡು, ಆ ಲೇನಿನ ಝೋನ್ ಗೆರೆಯ ಒಳಗೆ ತಾನು ನಿಲ್ಲುವ ಜಾಗ ನೋಡಿಕೊಂಡು. ಕಾಲು ಗೆರೆಯ ಹಿಂದೆ ಇಟ್ಟು ಹೊರಟರೆ ಬ್ಯಾಟನ್ ಎಷ್ಟು ಚೆನ್ನಾಗಿ ಸಿಕ್ಕಿದರೂ ಬಾವುಟ ಏಳುತ್ತದೆ.