ಹರಿಯುವ ಬುದ್ಧಿ, ಹರಳುಗಟ್ಟಿದ ಬುದ್ಧಿ: ವಯಸ್ಸು ಯಾವುದನ್ನು ಎಷ್ಟು ಬದಲಿಸಿದೆ? ಕಾಗದದ ಮೇಲೆ ನೋಡಿಕೊಳ್ಳುವುದು ಹೀಗೆ

ಕಳೆದ ತಿಂಗಳು ಒಂದು ಭಾನುವಾರ ನಮ್ಮಮ್ಮ ಮತ್ತು ನನ್ನ ಅಕ್ಕನ ಮಗಳು ಎದುರುಬದುರು ಕುಳಿತು ಒಂದೇ ಪರೀಕ್ಷೆ ಬರೆದರು. ಅಮ್ಮನಿಗೆ 67, ಅವಳಿಗೆ 22. ಮೊದಲ ಹಾಳೆ ಮುಗಿದಾಗ ಅಮ್ಮನ ಮುಖ ಸಣ್ಣದಾಗಿತ್ತು. ಕೊನೆಯ ಹಾಳೆ ಮುಗಿದಾಗ ಮೊಮ್ಮಗಳೇ "ಅಜ್ಜೀ, ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದಳು. ನಡುವೆ ಕಳೆದದ್ದು ಬರೀ ಒಂದು ಗಂಟೆ. ಅದೇ ತಲೆ, ಅದೇ ದಿನ. ಹಾಗಾದರೆ ವಯಸ್ಸಿನಲ್ಲಿ ಬುದ್ಧಿ ಕಡಿಮೆಯಾಗುತ್ತದೋ, ಜಾಸ್ತಿಯಾಗುತ್ತದೋ?

ಎರಡೂ ನಿಜ. ಏಕೆಂದರೆ ನಾವು ಬುದ್ಧಿ ಎನ್ನುವುದು ಒಂದೇ ವಸ್ತುವಲ್ಲ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ 1940ರ ದಶಕದ ಆರಂಭದಲ್ಲಿ ಇದನ್ನು ಎರಡಾಗಿ ಬಿಡಿಸಿದರು. 1960ರ ದಶಕದಲ್ಲಿ ಅವರ ಶಿಷ್ಯ ಜಾನ್ ಹಾರ್ನ್ ಅದನ್ನು ಬೆಳೆಸಿದರು. ಹಿಂದೆಂದೂ ಕಾಣದ ಸಮಸ್ಯೆಯನ್ನು ಅಲ್ಲೇ, ಆಗಲೇ ಬಿಡಿಸುವ ಶಕ್ತಿ ಫ್ಲೂಯಿಡ್ ಇಂಟೆಲಿಜೆನ್ಸ್, ಅಂದರೆ ಹರಿಯುವ ಬುದ್ಧಿ. ಕಲಿತು, ಬಳಸಿ, ಒಳಗೆ ಗಟ್ಟಿಯಾಗಿ ಕೂತ ತಿಳಿವಳಿಕೆ ಕ್ರಿಸ್ಟಲೈಸ್ಡ್ ಇಂಟೆಲಿಜೆನ್ಸ್, ಅಂದರೆ ಹರಳುಗಟ್ಟಿದ ಬುದ್ಧಿ. ಇವೆರಡನ್ನೂ ಮನೆಯಲ್ಲೇ ಬೇರೆಬೇರೆಯಾಗಿ ಕಾಣುವುದು ಹೇಗೆ ಎಂದು ಹೇಳುತ್ತೇನೆ. ಬೇಕಾದದ್ದು ಕಾಗದ, ಪೆನ್ನು, ಒಂದು ದಪ್ಪ ನಿಘಂಟು, ಸಮಯ ನೋಡಲು ಫೋನು.

ಮೊದಲ ಹಂತ: ಗುರುತಿನ ಹಾಳೆ

ಹಾಳೆಯ ಮೇಲ್ಭಾಗದಲ್ಲಿ 1ರಿಂದ 9ರವರೆಗೆ ಬರೆಯಿರಿ. ಪ್ರತಿ ಅಂಕಿಯ ಕೆಳಗೆ ಒಂದೊಂದು ಸುಲಭದ ಗುರುತು ಹಾಕಿ: ಒಂದು ಅಡ್ಡಗೆರೆ, ಒಂದು ಸೊನ್ನೆ, ಒಂದು ಕೊಕ್ಕೆ, ಹೀಗೆ. ಅಕ್ಷರಗಳನ್ನು ಮಾತ್ರ ಬಳಸಬೇಡಿ. ಅಕ್ಷರ ಎಂದೋ ಕಲಿತದ್ದು, ಹಳೆಯ ಕಲಿಕೆ ಇಲ್ಲಿ ನುಸುಳಬಾರದು. ಕೆಳಗೆ 120 ಚೌಕಗಳಲ್ಲಿ ಅಂಕಿಗಳನ್ನು ಸಿಕ್ಕಾಪಟ್ಟೆ ಕಲೆಸಿ ಬರೆಯಿರಿ. ಪ್ರತಿ ಅಂಕಿಯ ಕೆಳಗೆ ಅದರ ಗುರುತು ಹಾಕುವುದೇ ಕೆಲಸ. ಮೊದಲು ಹತ್ತು ಚೌಕ ಅಭ್ಯಾಸ, ಆಮೇಲೆ ಸರಿಯಾಗಿ 90 ಸೆಕೆಂಡು. ಸಾಲು ಬಿಡದೆ, ಕ್ರಮವಾಗಿ ಹೋಗಬೇಕು. ಇದನ್ನು ಮೊದಲೇ ಹೇಳದಿದ್ದರೆ ಚುರುಕಿನವರು 3 ಇರುವಲ್ಲೆಲ್ಲ ಒಂದೇ ಸಲ ತುಂಬಿಬಿಡುತ್ತಾರೆ, ಲೆಕ್ಕ ಕೆಡುತ್ತದೆ.

ಮೊಮ್ಮಗಳು 60 ಹಾಕಿದಳು. ಅಮ್ಮ 36.

ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯ. ಅಮ್ಮನ ಬೆರಳ ಗಂಟು ನೋಯುತ್ತದೆ, ಬರೆಯುವ ಕೈಯೇ ನಿಧಾನ. ಅದಕ್ಕೇ ಇನ್ನೊಂದು ಹಾಳೆ ಬೇಕು. ಇದರಲ್ಲಿ ಅಂಕಿಗಳಿಲ್ಲ. ಮೇಲೆ ಗುರುತು ಇರುತ್ತದೆ, ಕೆಳಗೆ ಅದನ್ನೇ ನಕಲು ಮಾಡಬೇಕು. ಮತ್ತೆ 90 ಸೆಕೆಂಡು. ಮೊಮ್ಮಗಳು 100, ಅಮ್ಮ 75.

ಈಗ ಲೆಕ್ಕ ಹಾಕೋಣ. ಮೊದಲ ಹಾಳೆಯಲ್ಲಿ ಒಂದು ಗುರುತಿಗೆ ಅಮ್ಮನಿಗೆ 2.5 ಸೆಕೆಂಡು ಹಿಡಿಯಿತು, ಮೊಮ್ಮಗಳಿಗೆ 1.5. ಅಂತರ ಒಂದು ಸೆಕೆಂಡು. ಬರೀ ನಕಲಿಗೆ ಅಮ್ಮನಿಗೆ 1.2, ಅವಳಿಗೆ 0.9. ಅಂದರೆ ಆ ಒಂದು ಸೆಕೆಂಡಿನಲ್ಲಿ 0.3 ಕೈಯದ್ದು. ಉಳಿದ 0.7 ಸೆಕೆಂಡು ಅಂಕಿ ನೋಡಿ, ಗುರುತು ಹುಡುಕಿ, ಅದನ್ನು ಹಿಡಿದುಕೊಂಡು ಕೆಳಗಿಳಿಯುವ ತಲೆಯ ಕೆಲಸದ್ದು. ನಕಲು ಹಾಳೆ ಇಲ್ಲದೆ ಈ ಪರೀಕ್ಷೆ ಮಾಡಲೇಬೇಡಿ ಎನ್ನುತ್ತೇನೆ. ಕೈ ನೋವನ್ನು ಬುದ್ಧಿಯ ಖಾತೆಗೆ ಬರೆಯುವುದು ಎಷ್ಟು ಸುಲಭ ಅಲ್ವಾ?

ಒಂದು ಮಾತು ಸ್ಪಷ್ಟವಾಗಿರಲಿ. ಈ ಹಾಳೆ ಅಳೆಯುವುದು ವೇಗವನ್ನು. ಇಂದಿನ ಪರಿಣತರು ವೇಗವನ್ನೂ ಹರಿಯುವ ಬುದ್ಧಿಯನ್ನೂ ಬೇರೆಬೇರೆ ಎಣಿಸುತ್ತಾರೆ. ಆದರೆ ವಯಸ್ಸಿನ ಜೊತೆ ಎರಡೂ ಕೈಹಿಡಿದು ಇಳಿಯುತ್ತವೆ. ಏಕೆ ಎಂಬುದು ಎರಡನೇ ಹಂತದಲ್ಲಿ ಕಾಣುತ್ತದೆ.

ಎರಡನೇ ಹಂತ: ಮುಂದಿನ ಸಂಖ್ಯೆ ಯಾವುದು?

ಇಲ್ಲಿ ಗಡಿಯಾರ ಬೇಡ, ಮೊದಲ ಸುತ್ತಿಗೆ ಪೆನ್ನೂ ಬೇಡ. ಸುಲಭದ್ದರಿಂದ ಶುರು ಮಾಡಿ: 3, 4, 6, 9, 13. ಮುಂದಿನದು 18. ಇಬ್ಬರೂ ಹೇಳಿದರು. ಆಮೇಲೆ ಇದನ್ನು ಕೊಡಿ:

5, 20, 8, 18, 11, 16

ಮೊಮ್ಮಗಳು ಸ್ವಲ್ಪ ಹೊತ್ತು ಮೇಲೆ ನೋಡಿ "14" ಎಂದಳು. ಅಮ್ಮ ಸಿಕ್ಕಿಕೊಂಡರು. "ಐದು, ಎಂಟು, ಹನ್ನೊಂದು... ಇದು ಮೂರು ಮೂರು ಹೆಚ್ತಿದೆ. ಆಚೆ ಕಡೇದು ಏನು ಅಂತ ನೋಡೋಷ್ಟರಲ್ಲಿ ಇದು ಮರೆತೇ ಹೋಯ್ತಲ್ಲೇ!"

ನನಗೆ ಆ ದಿನದ ಅತ್ಯಂತ ಬೆಲೆಬಾಳುವ ಮಾತು ಅದು. ಒಂದು ಸಾಲಿನೊಳಗೆ ಎರಡು ಸಾಲು ಹೆಣೆದುಕೊಂಡಿವೆ. ಒಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಇನ್ನೊಂದನ್ನು ನೋಡಬೇಕು. ತಲೆಯ ಪ್ರತಿ ಹೆಜ್ಜೆ ಸ್ವಲ್ಪ ನಿಧಾನವಾದರೂ ಸಾಕು, ಎರಡನೇ ಹೆಜ್ಜೆ ಮುಗಿಯುವ ಹೊತ್ತಿಗೆ ಮೊದಲನೆಯದರ ಉತ್ತರ ಮಾಸಿಹೋಗಿರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕ್ಷಣ ಬರುವುದೇ ಇಲ್ಲ. ಮನಶ್ಶಾಸ್ತ್ರಜ್ಞ ಟಿಮೊಥಿ ಸಾಲ್ಟ್‌ಹೌಸ್ 1996ರಲ್ಲಿ ಮುಂದಿಟ್ಟ ವಿವರಣೆಯಲ್ಲಿ ಇದೊಂದು ಮುಖ್ಯ ಎಳೆ. ವೇಗ ಕಡಿಮೆಯಾದರೆ ಕೆಲಸ ತಡವಾಗುತ್ತದೆ ಅಷ್ಟೇ ಅಲ್ಲ, ಕೆಲವು ಕೆಲಸ ಆಗುವುದೇ ಇಲ್ಲ. ಸಮಯದ ಮಿತಿ ಇಲ್ಲದ ಪರೀಕ್ಷೆಯಲ್ಲೂ ವಯಸ್ಸಾದವರು ಹಿಂದೆ ಬೀಳಲು ಇದೊಂದು ಕಾರಣ.

ಎರಡನೇ ಸುತ್ತಿನಲ್ಲಿ ಪೆನ್ನು ಕೊಡಿ, ಅಂಥದ್ದೇ ಹೊಸ ಸಾಲು ಕೊಡಿ. ನಾನು 4, 30, 8, 27, 12, 24 ಕೊಟ್ಟೆ. ಅಮ್ಮ ಒಂದು ಬಿಟ್ಟು ಒಂದನ್ನು ಕೆಳಗಿಳಿಸಿ ಎರಡು ಸಾಲು ಮಾಡಿಕೊಂಡರು. ಮರುಕ್ಷಣವೇ "ಹದಿನಾರು" ಎಂದರು. ಪೆನ್ನಿಲ್ಲದೆ ಆಗದ್ದು ಪೆನ್ನಿದ್ದರೆ ಆಯಿತು ಎಂದರೆ, ಹಿಡಿದಿಟ್ಟುಕೊಳ್ಳುವ ಜಾಗ ಸಾಲದೆ ಬಂದ ತೊಡಕು ಅದು. ನಿಯಮ ಹೊಳೆಯದ್ದಲ್ಲ. ಪೆನ್ನಿದ್ದರೂ ಆಗದಿದ್ದರೆ ನಿಯಮವೇ ಹೊಳೆದಿಲ್ಲ ಎಂದರ್ಥ. ಎರಡನ್ನೂ ಬೇರೆಯಾಗಿ ಬರೆದಿಡಿ.

ಮೂರನೇ ಹಂತ: ಇಪ್ಪತ್ತು ಪದ

ಈಗ ನಿಘಂಟು. ಪದಗಳನ್ನು ಕಣ್ಣಿಗೆ ಕಂಡಂತೆ ಆರಿಸಬೇಡಿ, ನಿಮಗೆ ಗೊತ್ತಿರುವವೇ ಬರುತ್ತವೆ. ಒಟ್ಟು ಪುಟಗಳನ್ನು 20ರಿಂದ ಭಾಗಿಸಿ, ಅಷ್ಟಷ್ಟು ಪುಟಕ್ಕೊಂದು ಪದ ತೆಗೆಯಿರಿ. ಅರ್ಥವನ್ನು ಬಾಯಿಯಲ್ಲಿ ಹೇಳಬೇಕು. ಸಮಯದ ಮಿತಿ ಇಲ್ಲ. ಸರಿಯಾದ, ಪೂರ್ತಿ ಅರ್ಥಕ್ಕೆ 2, ಅರೆಬರೆಗೆ 1, ಗೊತ್ತಿಲ್ಲದಿದ್ದರೆ ಸೊನ್ನೆ.

"ಒಕ್ಕಣೆ" ಎಂಬ ಪದ ಬಂತು. ಮೊಮ್ಮಗಳು "ತೆನೆ ಬಡಿದು ಕಾಳು ಬಿಡಿಸೋದು" ಎಂದಳು. ಅಮ್ಮ ಅದನ್ನೂ ಹೇಳಿ, "ಕಾಗದದ ಒಕ್ಕಣೆ ಅಂತಲೂ ಇದೆ, ಪತ್ರದಲ್ಲಿ ವಿಷಯ ಬರೆದಿರೋ ರೀತಿ" ಎಂದು ಸೇರಿಸಿದರು. ಹೀಗೆ ಸಾಗಿ ಅಮ್ಮನಿಗೆ 40ಕ್ಕೆ 33, ಅವಳಿಗೆ 22. ಪದಸಂಪತ್ತು ಐವತ್ತು ಅರವತ್ತರವರೆಗೂ ಬೆಳೆಯುತ್ತಲೋ ಹಾಗೇ ನಿಂತೋ ಇರುವುದು ಅನೇಕ ಅಧ್ಯಯನಗಳಲ್ಲಿ ಕಂಡ ಸಂಗತಿ. ಇದು ಇಳಿಯುವುದು ತುಂಬ ತಡವಾಗಿ, ಅದೂ ನಿಧಾನವಾಗಿ.

ಇಲ್ಲೊಂದು ಎಚ್ಚರ. ಅರ್ಥ ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ ಎಂದು ಹಿರಿಯರು ಒದ್ದಾಡಿದರೆ ಸೊನ್ನೆ ಹಾಕಬೇಡಿ. ನಾಲ್ಕು ಅರ್ಥ ಓದಿ ಹೇಳಿ, ಆರಿಸಲು ಬಿಡಿ. ತಟ್ಟನೆ ಆರಿಸಿದರೆ ತಿಳಿವಳಿಕೆ ಒಳಗೇ ಇದೆ, ಹೊರತೆಗೆಯುವ ದಾರಿ ಮಾತ್ರ ನಿಧಾನ. ಇದನ್ನು ಅಂಕಕ್ಕೆ ಸೇರಿಸದೆ ಪಕ್ಕದಲ್ಲಿ ಒಂದು ಗುರುತು ಹಾಕಿದರೆ ಸಾಕು.

ನಾಲ್ಕನೇ ಹಂತ: ಫಲಿತಾಂಶ ಓದುವುದು

ಹೆಚ್ಚು ಜನ ಎಡವುವುದು ಇಲ್ಲೇ. 60 ಮತ್ತು 36 ನೋಡಿ "ವಯಸ್ಸು ಇಷ್ಟು ಕಿತ್ತುಕೊಂಡಿತು" ಎಂದು ಹೇಳಿಬಿಡುತ್ತೇವೆ. ಆದರೆ ಅಮ್ಮನಿಗೆ 22 ಆಗಿದ್ದಾಗ ಎಷ್ಟು ಬರುತ್ತಿತ್ತು ಎಂದು ಯಾರಿಗೆ ಗೊತ್ತು? ಅಮ್ಮ ಓದಿದ್ದು ಕಡಿಮೆ, ಇಂಥ ಹಾಳೆಗಳನ್ನು ಕಂಡೇ ಇರಲಿಲ್ಲ. ಮೊಮ್ಮಗಳು ಚಿಕ್ಕಂದಿನಿಂದ ಇಂಥವನ್ನೇ ಬಿಡಿಸುತ್ತಾ ಬೆಳೆದವಳು. ಇಬ್ಬರ ನಡುವೆ 45 ವರ್ಷದ ವಯಸ್ಸಿದೆ, ಜೊತೆಗೆ ಎರಡು ಬೇರೆ ಕಾಲಗಳೂ ಇವೆ.

ಮನಶ್ಶಾಸ್ತ್ರಜ್ಞ ವಾರ್ನರ್ ಶೈ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಈ ಗಂಟನ್ನೇ ಬಿಡಿಸಿತು. ಬೇರೆಬೇರೆ ವಯಸ್ಸಿನವರನ್ನು ಒಂದೇ ದಿನ ಅಳೆದರೆ ಇಳಿತ ಬಹಳ ಬೇಗ ಶುರುವಾದಂತೆ ಕಾಣುತ್ತದೆ. ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಅಳೆದಾಗ, ಹೆಚ್ಚಿನ ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೆ ದೊಡ್ಡದಾಗಿ ಇಳಿಯಲಿಲ್ಲ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ತುಂಬ ಇತ್ತು. ಆದರೆ ಈ ದಾರಿಗೂ ತನ್ನದೇ ದೋಷವಿದೆ. ಎರಡನೇ ಸಲ ಬರೆಯುವವರಿಗೆ ಪರೀಕ್ಷೆ ಪರಿಚಯವಾಗಿರುತ್ತದೆ. ಆರೋಗ್ಯ ಕೆಟ್ಟವರು ನಡುವೆಯೇ ಬಿಟ್ಟುಹೋಗುತ್ತಾರೆ, ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ. ನಿಜವಾದ ಇಳಿತ ಈ ಎರಡು ಚಿತ್ರಗಳ ನಡುವೆ ಎಲ್ಲೋ ಇದೆ.

ಹಾಗಾಗಿ ನಿಮ್ಮ ಹಾಳೆಯನ್ನು ಬೇರೆಯವರದ್ದಕ್ಕಿಂತ ನಿಮ್ಮದೇ ಮುಂದಿನ ವರ್ಷದ ಹಾಳೆಯ ಜೊತೆ ಇಟ್ಟು ನೋಡುವುದೇ ಸರಿ. ಮುಂದಿನ ಸಲ ಗುರುತುಗಳನ್ನು ಬದಲಿಸಿ, ಪದಗಳನ್ನೂ ಬದಲಿಸಿ. ನಡುವೆ ಸುಮ್ನೆ ಅಭ್ಯಾಸ ಮಾಡಬೇಡಿ. ಗುರುತಿನ ಹಾಳೆ ಅಭ್ಯಾಸ ಮಾಡಿದರೆ ಗುರುತಿನ ಹಾಳೆ ಚೆನ್ನಾಗಿ ಬರುತ್ತದೆ, ಅದರ ಲಾಭ ಬೇರೆ ಕೆಲಸಕ್ಕೆ ಹರಿಯುವುದು ತೀರಾ ಕಡಿಮೆ.

ಐದನೇ ಹಂತ: ರೂಢಿಯ ಕೆಲಸವನ್ನೂ ನೋಡಿ

ಸಾಲ್ಟ್‌ಹೌಸ್ 1984ರಲ್ಲಿ 19ರಿಂದ 72 ವರ್ಷದವರೆಗಿನ ಟೈಪಿಸ್ಟರನ್ನು ಪರೀಕ್ಷಿಸಿದ್ದರು. ಬೆರಳು ಬಡಿಯುವ ವೇಗದಲ್ಲಿ, ಥಟ್ಟನೆ ಪ್ರತಿಕ್ರಿಯಿಸುವುದರಲ್ಲಿ ಹಿರಿಯರು ನಿಧಾನ. ಆದರೆ ಟೈಪಿಂಗ್‌ನಲ್ಲಿ ಹಿಂದೆ ಬೀಳಲಿಲ್ಲ. ಹಿರಿಯರ ಕಣ್ಣು ಬೆರಳಿಗಿಂತ ಹೆಚ್ಚು ಅಕ್ಷರ ಮುಂದೆ ಓಡುತ್ತಿತ್ತು, ಬೆರಳು ಮೊದಲೇ ಸಿದ್ಧವಾಗುತ್ತಿತ್ತು. ನಿಧಾನವಾದದ್ದನ್ನು ಅನುಭವ ಹೀಗೆ ತುಂಬಿಕೊಟ್ಟಿತ್ತು.

ಅದಕ್ಕೇ ಈ ಹಾಳೆಗಳ ಜೊತೆ, ಆ ವ್ಯಕ್ತಿ ವರ್ಷಗಟ್ಟಲೆ ಮಾಡಿದ ಒಂದು ಕೆಲಸವನ್ನೂ ನೋಡಿ ಬರೆದಿಡಿ. ಅಮ್ಮನದು ಹೊಲಿಗೆ. ಅಳತೆ ತೆಗೆದು ಬಟ್ಟೆ ಕತ್ತರಿಸುವಾಗ ಎಲ್ಲೂ ತಡವರಿಸಲಿಲ್ಲ. ಮೊದಲ ಎರಡು ಹಂತಗಳ ಫಲಿತಾಂಶ ನಿಧಾನವಾಗಿ ಇಳಿಯುವುದು ವಯಸ್ಸಿನ ಸಹಜ ನಡೆ. ಆದರೆ ಗೊತ್ತಿದ್ದ ಪದಗಳ ಅರ್ಥವನ್ನು ಆರಿಸಲೂ ಆಗದಿದ್ದರೆ, ಹಳೆಯ ರೂಢಿಯ ಕೆಲಸದಲ್ಲಿ ಮುಂದಿನ ಹೆಜ್ಜೆ ಯಾವುದೆಂದು ತೋಚದಿದ್ದರೆ, ಅದೂ ಕೆಲವೇ ತಿಂಗಳಲ್ಲಿ ಹಾಗಾಗಿದ್ದರೆ, ವಯಸ್ಸೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಈ ಹಾಳೆಗಳಿಂದ ಯಾವ ರೋಗವನ್ನೂ ಗುರುತಿಸಲಾಗದು.

ಹಾಳೆಯ ಹಿಂದೆ ತಾರೀಖು, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಹೊಸ ಔಷಧಿ ಏನಾದರೂ ಶುರುವಾಗಿದೆಯೇ, ಕನ್ನಡಕ ಹಾಕಿದ್ದರೇ ಎಂದು ಬರೆದು ಲಕೋಟೆಯಲ್ಲಿಡಿ. ಅಮ್ಮನ ಹಾಳೆಯ ಹಿಂದೆ ಅವರೇ ಬರೆದಿದ್ದಾರೆ: "ಬೆಳಗ್ಗೆ ಹತ್ತೂವರೆ. ನಿದ್ದೆ ಚೆನ್ನಾಗಿತ್ತು. ಬಲಗೈ ಬೆರಳು ನೋವು."