ಟರ್ಬೈನ್ ತಿರುಗಿದರೆ ಸಾಲದು, ಕೆಳಗಿಂದ ಗಾಳಿ ಬರಬೇಕು: ನನ್ನ ಅನುಭವ

ಹೊರಗೆ 37 ಡಿಗ್ರಿ ಇರುವ ಮಧ್ಯಾಹ್ನ ನಮ್ಮ ಶೆಡ್‌ನಲ್ಲಿ ಛಾವಣಿಯ ನೆತ್ತಿಯಾದ ರಿಡ್ಜ್ ಕೆಳಗೆ ಈಗ 45-46 ತೋರಿಸುತ್ತದೆ. ಮೊದಲು 54ರ ಹತ್ತಿರ ಇರುತ್ತಿತ್ತು. ಆಳೆತ್ತರದಲ್ಲಿ 43 ಇದ್ದದ್ದು 39ಕ್ಕೆ ಇಳಿದಿದೆ. ನೆನಪಿನಿಂದ ಹೇಳುತ್ತಿದ್ದೇನೆ, ಒಂದು ಡಿಗ್ರಿ ಆಚೀಚೆ ಇರಬಹುದು. ಕರೆಂಟ್ ಖರ್ಚು ಸೊನ್ನೆ. "ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಇದೆಲ್ಲ ಆಗಲ್ಲ" ಅಂದವರು ಈಗ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದಾರೆ.

ಶೆಡ್ 60 ಅಡಿ ಉದ್ದ, 40 ಅಡಿ ಅಗಲ. ಸೂರು 14 ಅಡಿ, ರಿಡ್ಜ್ 20 ಅಡಿ. ಬರೀ ಪ್ರೊಫೈಲ್ ಶೀಟ್, ಕೆಳಗೆ ಇನ್ಸುಲೇಷನ್ ಇಲ್ಲ. ಒಳಗೆ ಕಟಿಂಗ್, ವೆಲ್ಡಿಂಗ್, ಮೂಲೆಯಲ್ಲಿ ಒಂದು ಪೇಂಟ್ ರೂಮ್. ಶೆಡ್ ಕಟ್ಟಿಕೊಟ್ಟವರು ಛಾವಣಿ ಮೇಲೆ 24 ಇಂಚಿನ ಆರು ಟರ್ಬೈನ್, ಅಂದರೆ ಗಾಳಿಗೆ ಸುತ್ತಿ ಒಳಗಿನ ಬಿಸಿಗಾಳಿ ಎಳೆಯುವ ಗುಂಡು ತಲೆಗಳನ್ನು ಕೂರಿಸಿ, ಇಷ್ಟು ಸಾಕು ಅಂತ ಹೇಳಿ ಹೋಗಿದ್ದರು. ಟರ್ಬೈನ್‌ಗಳು ಚೆನ್ನಾಗಿಯೇ ತಿರುಗುತ್ತಿದ್ದವು. ಒಳಗೆ ಮಾತ್ರ ಬೇಯುತ್ತಿತ್ತು. ಕೇಳಿದರೆ, "ಇನ್ನೂ ನಾಲ್ಕು ಹಾಕಿಸಿ" ಎಂಬ ಉತ್ತರ.

ನಾನು ಹಾಕಿಸಲಿಲ್ಲ. ಏಣಿ ಹತ್ತಿ ಒಂದು ಟರ್ಬೈನ್ ಬಾಯಿಯ ಕೆಳಗೆ ಊದಿನಕಡ್ಡಿ ಹಿಡಿದೆ. ಮೇಲೆ ಟರ್ಬೈನ್ ಗಿರ್ರನೆ ಸುತ್ತುತ್ತಿದೆ, ಕೆಳಗೆ ಹೊಗೆ ಅಲ್ಲೇ ಸೋಮಾರಿಯಾಗಿ ಅಲೆಯುತ್ತಿದೆ! ಟರ್ಬೈನ್ ಸುತ್ತುವುದು ಹೊರಗಿನ ಗಾಳಿಗೆ. ಅದು ಜೋರಾಗಿ ತಿರುಗಿತು ಅಂದರೆ ಒಳಗಿನ ಬಿಸಿಗಾಳಿ ಜೋರಾಗಿ ಹೋಗುತ್ತಿದೆ ಅಂತ ಅರ್ಥವಲ್ಲ. ಆಮೇಲೆ ಶಟರ್‌ಗಳನ್ನೆಲ್ಲ ಮುಚ್ಚಿ, ಪಕ್ಕದ ಚಿಕ್ಕ ಬಾಗಿಲನ್ನು ಒಂದಿಂಚು ತೆರೆದು, ಸಂದಿಗೆ ಕಾಗದ ಹಿಡಿದೆ. ಕಾಗದ ಪಟ್ಟನೆ ಒಳಕ್ಕೆ ಎಳೆದುಕೊಂಡಿತು. ಅಲ್ಲಿಗೆ ವಿಷಯ ಗೊತ್ತಾಯಿತು. ಶೆಡ್‌ಗೆ ಮೇಲೆ ತೂತು ಕಮ್ಮಿಯಾಗಿರಲಿಲ್ಲ, ಕೆಳಗೆ ಕಮ್ಮಿಯಾಗಿತ್ತು. ಒಳಕ್ಕೆ ಬಾರದ ಗಾಳಿ ಹೊರಕ್ಕೆ ಎಲ್ಲಿಂದ ಹೋಗಬೇಕು?

24 ಇಂಚಿನ ಟರ್ಬೈನ್‌ನ ಬಾಯಿ ಸುಮಾರು 3 ಚದರ ಅಡಿ. ಆರಕ್ಕೆ ಹತ್ತಿರಹತ್ತಿರ 19. ಕೆಳಗೆ ಕನಿಷ್ಠ ಅಷ್ಟಾದರೂ ತೆರೆದ ಜಾಗ ಬೇಕು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಹಾಕುವುದು ಲೂವರ್, ಅಂದರೆ ಓರೆ ಪಟ್ಟಿಗಳ ಗಾಳಿಕಿಂಡಿ. ಇಲ್ಲಿ ಎಲ್ಲರೂ ಲೂವರ್‌ನ ಹೊರ ಅಳತೆ ಹಿಡಿದು ಲೆಕ್ಕ ಹಾಕುತ್ತಾರೆ. ಪಟ್ಟಿಗಳ ದಪ್ಪ, ಓರೆ, ಹಿಂದಿನ ಜಾಲರಿ ಎಲ್ಲ ಕಳೆದರೆ ನಿಜವಾಗಿ ಗಾಳಿಗೆ ಸಿಗುವುದು ಅರ್ಧದಷ್ಟು. ಸೊಳ್ಳೆ ಜಾಲರಿ ಹಾಕಿದರೆ ಅದಕ್ಕಿಂತಲೂ ಕಮ್ಮಿ. ನಾನು 4 ಅಡಿ ಉದ್ದ, 1 ಅಡಿ ಎತ್ತರದ ಹನ್ನೆರಡು ಲೂವರ್ ಮಾಡಿಸಿದೆ. ಹೊರ ಅಳತೆ 48, ಕೈಗೆ ಸಿಕ್ಕಿದ್ದು 24ರ ಸುತ್ತ. ಹಿಂದೆ ಅರ್ಧ ಇಂಚಿನ ಹಕ್ಕಿ ಜಾಲರಿ ಮಾತ್ರ. ಅಂಗಳದ ಕಡೆಯ, ಜಾಸ್ತಿ ಗಾಳಿ ಬರುವ ಗೋಡೆಗೆ ಎಂಟು, ಎದುರು ಗೋಡೆಗೆ ನಾಲ್ಕು.

ಎತ್ತರದ ವಿಷಯದಲ್ಲಿ ಫಿಟ್ಟರ್ ಜೊತೆ ದೊಡ್ಡ ಜಗಳವೇ ಆಯಿತು. ಅವರು ಸೂರಿನ ಕೆಳಗೆ, 12 ಅಡಿಯಲ್ಲಿ ಹಾಕೋಣ ಅಂದರು. ಮಳೆ ಬರಲ್ಲ, ಸಾಮಾನು ಅಡ್ಡ ಬರಲ್ಲ. ನಾನು ನೆಲದಿಂದ 2 ಅಡಿಯಲ್ಲೇ ಬೇಕು ಅಂದೆ. ಗಾಳಿ ಬರುವ ಬಾಯಿಗೂ ಹೋಗುವ ಬಾಯಿಗೂ ನಡುವಿನ ಎತ್ತರವೇ ಇಲ್ಲಿ ಮೋಟಾರ್. 12 ಅಡಿಯಲ್ಲಿಟ್ಟರೆ ರಿಡ್ಜ್‌ವರೆಗೆ 8 ಅಡಿ, 2 ಅಡಿಯಲ್ಲಿಟ್ಟರೆ 18. ಗಾಳಿಯ ಹರಿವು ಎತ್ತರದ ವರ್ಗಮೂಲದಂತೆ ಏರುತ್ತದೆ, ಹಾಗಾಗಿ ಅದೇ ಲೂವರ್‌ನಲ್ಲಿ ಒಂದೂವರೆ ಪಟ್ಟು ಗಾಳಿ. ಮೇಲಾಗಿ ಹೊಸ ಗಾಳಿ ಕೆಲಸದವರ ಮೈ ಸವರಿಕೊಂಡು ಮೇಲೇರುತ್ತದೆ. ಸೂರಿನ ಕೆಳಗಿಂದ ಬಂದದ್ದು ತಲೆ ಮೇಲೇ ಹಾದು ಹೋಗಿಬಿಡುತ್ತದೆ, ಅಲ್ವಾ?

ಲೂವರ್ ಬಿದ್ದ ದಿನವೇ ಊದಿನಕಡ್ಡಿಯ ಹೊಗೆ ಟರ್ಬೈನ್ ಬಾಯಿಗೆ ನೆಟ್ಟಗೆ ಏರಿತು. ಸುಮ್ನೆ ಇರಲಾಗದೆ ಇನ್ನೊಂದು ಪರೀಕ್ಷೆ ಮಾಡಿದೆ. ಒಂದು ಟರ್ಬೈನ್ ತಲೆ ಬಿಚ್ಚಿ, ಅದೇ ಕತ್ತಿನ ಮೇಲೆ ಒಂದಡಿ ಎತ್ತರಿಸಿದ ತಗಡಿನ ಟೋಪಿ ಕೂರಿಸಿದೆ. ಎರಡರ ಬಾಯಿಯಲ್ಲೂ ರಿಬ್ಬನ್ ಕಟ್ಟಿದೆ. ಗಾಳಿ ಬೀಸುವಾಗ ಟರ್ಬೈನ್ ರಿಬ್ಬನ್ ಸ್ವಲ್ಪ ಬಿಗಿ. ಗಾಳಿ ನಿಂತ ಮಧ್ಯಾಹ್ನ ಎರಡೂ ಹೆಚ್ಚೂಕಮ್ಮಿ ಒಂದೇ. ಸೆಕೆ ಕೊಲ್ಲುವುದೇ ಗಾಳಿ ನಿಂತ ಹೊತ್ತಲ್ಲಿ. ಹಾಗಾದರೆ ಬೇರಿಂಗ್, ಕಿರುಗುಟ್ಟುವ ಸದ್ದು ಇವೆಲ್ಲ ಯಾಕೆ ಅನ್ನಿಸಿ ರಿಡ್ಜ್ ವೆಂಟ್ ಕಡೆ ತಿರುಗಿದೆ.

ರಿಡ್ಜ್ ಕ್ಯಾಪ್ ತೆಗೆದು 50 ಅಡಿ ಉದ್ದಕ್ಕೆ 6 ಇಂಚು ಸಂದಿ ಬಿಟ್ಟು, ಮೇಲೆ ಎತ್ತರಿಸಿದ ಕ್ಯಾಪ್ ಹಾಕಿದೆವು. 25 ಚದರ ಅಡಿ. ಟರ್ಬೈನ್‌ಗಳೂ ಇರಲಿ, ಎರಡೂ ಸೇರಿ ಡಬಲ್ ಕೆಲಸ ಮಾಡಲಿ ಎಂಬುದು ಎಲ್ಲರ ಆಸೆ. ಆಗಲಿಲ್ಲ. ಗಾಳಿ ಬೀಸುವಾಗ ಟರ್ಬೈನ್ ಹತ್ತಿರದ ಸಂದಿಯಲ್ಲಿ ಹೊಗೆ ಮೇಲೇರುವ ಬದಲು ಕೆಳಕ್ಕೆ ಇಳಿಯುತ್ತಿತ್ತು. ಟರ್ಬೈನ್‌ಗೆ 18 ಅಡಿ ಕೆಳಗಿನ ಲೂವರ್‌ಗಿಂತ ಪಕ್ಕದಲ್ಲಿರುವ ರಿಡ್ಜ್ ಸಂದಿಯೇ ಸುಲಭದ ದಾರಿ. ಹೊರಗಿನ ಗಾಳಿ ಅಲ್ಲಿಂದ ನುಗ್ಗಿ ಟರ್ಬೈನಿಂದ ಹೊರಟುಹೋಗುತ್ತಿತ್ತು, ಕೆಳಗಿನ ಬಿಸಿ ಇದ್ದಲ್ಲೇ. ಥರ್ಮಾಮೀಟರ್ ಕೂಡ ಬರೀ ಟರ್ಬೈನ್‌ಗಳಿದ್ದಾಗಿನದಕ್ಕಿಂತ ಎರಡು ಡಿಗ್ರಿ ಮೇಲೆ ನಿಂತಿತು. ಟರ್ಬೈನ್ ಬಾಯಿಗಳನ್ನು ಪ್ಲೈವುಡ್‌ನಿಂದ ಮುಚ್ಚಿದ ಮೇಲೆ ಅದು ಇಳಿಯಿತು. ಕೊನೆಗೆ ನಾಲ್ಕನ್ನು ಕಿತ್ತು ಅರ್ಧ ಬೆಲೆಗೆ ಮಾರಿದೆ. ಉಳಿದ ಎರಡು ಪೇಂಟ್ ರೂಮ್ ಮೇಲಿವೆ. ಆ ರೂಮಿನ ಗೋಡೆ ಶೀಟಿನ ತನಕ ಏರಿದೆ, ಅದರ ಲೂವರ್ ಬೇರೆ. ಹೀಗೆ ಗಾಳಿ ಬೇರೆಬೇರೆ ಇದ್ದರೆ ಮಾತ್ರ ಎರಡೂ ಒಂದೇ ಛಾವಣಿಯಲ್ಲಿ ಬಾಳುತ್ತವೆ.

ಮಳೆಯೇ ರಿಡ್ಜ್ ವೆಂಟ್‌ನ ನಿಜವಾದ ತಲೆನೋವು. ಮೊದಲ ಗಾಳಿಮಳೆಗೆ ವೆಲ್ಡಿಂಗ್ ಮಷೀನ್ ಮೇಲೆ ನೀರು. ನೋಡಿದರೆ ನೀರು ಮೇಲಿಂದ ಬಿದ್ದಿರಲಿಲ್ಲ, ಶೀಟಿನ ತಗ್ಗುಗಳಲ್ಲಿ ಗಾಳಿಗೆ ಹಿಂದಕ್ಕೆ ಹತ್ತಿತ್ತು. ಶೀಟಿನ ಮೇಲ್ತುದಿಯಲ್ಲಿ ಪ್ರತಿ ತಗ್ಗನ್ನೂ ಇಕ್ಕಳದಿಂದ ಮೇಲಕ್ಕೆ ಮಡಚಿದೆವು. ಕ್ಯಾಪ್‌ನ ಎರಡೂ ಕಡೆ ಹೊರಗೆ ಅಡ್ಡತಟ್ಟೆ ಕೊಟ್ಟೆವು. ಅಡ್ಡತಟ್ಟೆಯ ಓರೆ ಎಷ್ಟು, ನೀರು ಇಳಿಯಲು ಸಂದಿ ಎಲ್ಲಿ ಅಂತ ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮ ಹೊಟ್ಟೆಪಾಡು. ಟರ್ಬೈನ್ ಕಿತ್ತ ತೂತುಗಳಿಗೂ ಅದೇ ಎಚ್ಚರ ಬೇಕು. ತೇಪೆಯ ಮೇಲ್ತುದಿ ರಿಡ್ಜ್ ಕ್ಯಾಪ್ ಒಳಗೆ ಹೋಗಲೇಬೇಕು. ಸಿಲಿಕಾನ್ ನಂಬಿ ಮೇಲೆ ಅಂಟಿಸಿದ ತೇಪೆ ಶೀಟು ಹಿಗ್ಗಿ ಕುಗ್ಗುವ ಆಟಕ್ಕೆ ಒಂದೆರಡು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ದುಡ್ಡಿನ ಲೆಕ್ಕ ಹೇಳಬೇಕೆಂದರೆ, ಲೂವರ್‌ಗೆ ಹೋದದ್ದು ಆರು ಟರ್ಬೈನ್‌ಗಳಿಗೆ ಸುರಿದದ್ದರ ಕಾಲು ಭಾಗವೂ ಇಲ್ಲ. ಅಂಗಡಿಯ ತುಂಡು ಆಂಗಲ್, ಉಳಿದ ತಗಡು. ತಾಪ ಇಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅದರದ್ದೇ. ರಿಡ್ಜ್ ವೆಂಟ್‌ನಲ್ಲಿ ಸಾಮಾನಿಗಿಂತ ಕೂಲಿ ಜಾಸ್ತಿ. ಅಡ್ಡತಟ್ಟೆಗೆ ಮತ್ತೆ ಮೇಲೆ ಹತ್ತಿದ್ದರಿಂದ ಕೂಲಿ ಎರಡು ಸಲ ಬಿತ್ತು.

ಇದರಿಂದ ಆಗದ ಕೆಲಸವೂ ಇದೆ. ಒಳಗಿನ ಗಾಳಿ ಹೊರಗಿನ 37ಕ್ಕಿಂತ ಕೆಳಗೆ ಬರುವುದೇ ಇಲ್ಲ. ಇನ್ನು ಶೀಟು ಮಧ್ಯಾಹ್ನ 60 ದಾಟುತ್ತದೆ, ಅದರ ಝಳ ನೇರ ತಲೆಗೆ ಹೊಡೆಯುತ್ತದೆ. ಗಾಳಿ ಎಷ್ಟು ಓಡಿದರೂ ಝಳ ನಿಲ್ಲದು. ಅದಕ್ಕೇ ಒಂದು ಅಂಕಣದಲ್ಲಿ ಶೀಟಿಗೆ ಬಿಳಿ ಬಣ್ಣ ಬಳಿದು ನೋಡಿದೆ. ಪಕ್ಕದ ಅಂಕಣದಲ್ಲಿ ಶೀಟು ಹೊರುವ ಅಡ್ಡಪಟ್ಟಿ ಪರ್ಲಿನ್ ಕೆಳಗೆ ಫಾಯಿಲ್ ಕಟ್ಟಿದೆ, ರಿಡ್ಜ್ ಸಂದಿಯ ಹತ್ತಿರ ಒಂದು ಗೇಣು ತೆರೆದು ಬಿಟ್ಟು. ಬಿಳಿ ಬಣ್ಣ ಮೊದಲ ಬೇಸಿಗೆ ಗೆದ್ದಿತು, ಧೂಳು ಕೂತ ಮೇಲೆ ಮಂಕಾಯಿತು. ಫಾಯಿಲ್ ಕೆಳಗೆ ನಿಂತರೆ ನೆತ್ತಿಗೆ ಈಗಲೂ ತಂಪು. ಆದರೆ ನಮ್ಮ ಕಟಿಂಗ್ ಕಿಡಿ ಹಾರಿ ಅಲ್ಲಲ್ಲಿ ತೂತಾಗಿದೆ. ಆ ಅಂಕಣದಿಂದ ಗ್ರೈಂಡರ್ ಎತ್ತಿ ಅಲ್ಲಿ ಜೋಡಣೆಯ ಮೇಜು ಹಾಕಿಸಿದ್ದೇನೆ.